ಐದು ಲಕ್ಷದ ಮನವಿ, ಮೂವತ್ತು ಸಾವಿರದ ಮನವಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ, ಕ್ಲಬ್ಬಿನ ರಸೀದಿ ಪುಸ್ತಕ, ಇವೇ ನನ್ನ ಹೊಟ್ಟೆಪಾಡು. "ತನು ಮನ ಧನಗಳಿಂದ ಸಹಕರಿಸಬೇಕಾಗಿ ವಿನಂತಿ" ಅನ್ನುವ ಸಾಲನ್ನು ಈಗ ನಾನು ಟೈಪ್ ಕೂಡ ಮಾಡುವುದಿಲ್ಲ. ಹಳೆ ಫೈಲಿನಿಂದ ಎತ್ತಿ ಹಾಕುತ್ತೇನೆ.

ಹಾಗಾಗಿ ನಮ್ಮೂರ ಕನ್ನಡ ಶಾಲೆಯ ಲೈಬ್ರರಿಗೆ ಹಣ ಎತ್ತಬೇಕು ಅಂತ ಪಿಟಿಎ ಮೀಟಿಂಗಿನಲ್ಲಿ ಮಾತಾದಾಗ ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಮಗಳು ಅಲ್ಲೇ ಎರಡನೇ ಕ್ಲಾಸು. ನಾನು ಪಿಟಿಎ ಉಪಾಧ್ಯಕ್ಷ ಬೇರೆ. ಎಷ್ಟು ಕೇಳುವುದು ಅಂತ ಚರ್ಚೆಯಾಯಿತು. ಒಬ್ಬರು ಎರಡು ಲಕ್ಷ ಅಂದರು. ಇನ್ನೊಬ್ಬರು, "ಕೇಳುವಾಗ ದೊಡ್ಡದೇ ಕೇಳಬೇಕು ಮಾರಾಯ್ರೆ, ಐದು ಕೇಳಿದರೆ ಎರಡಾದರೂ ಬರುತ್ತದೆ" ಅಂದರು. ಐದು ಲಕ್ಷ ಆಯಿತು. ಮೀಟಿಂಗು ಮುಗಿಯಿತು. ಚಹಾ ಬಂತು.

ಜನವರಿಯಲ್ಲಿ ಕಳಿಸಿದ ಆ ಮೊದಲ ಮನವಿ ಹೀಗೆ ಶುರುವಾಗುತ್ತಿತ್ತು: "ಗಡಿನಾಡಿನಲ್ಲಿ ಕನ್ನಡದ ದೀಪ ಆರದಂತೆ ಕಾಪಾಡುತ್ತಾ ಬಂದಿರುವ ನಮ್ಮ ಶಾಲೆಯಲ್ಲಿ ಸುಸಜ್ಜಿತ ಗ್ರಂಥಾಲಯವನ್ನು ನಿರ್ಮಿಸಲು ಉದ್ದೇಶಿಸಲಾಗಿದ್ದು, ಬಡ ಮಕ್ಕಳ ಜ್ಞಾನದಾಹವನ್ನು ತಣಿಸುವ ಈ ಪುಣ್ಯಕಾರ್ಯಕ್ಕೆ ಅಂದಾಜು ರೂ. 5 ಲಕ್ಷ ವೆಚ್ಚ ತಗಲಲಿದೆ." ಕೆಳಗೆ ನನ್ನ ಫೋನ್ ನಂಬರು. ಮೇಲೆ ಎರಡು ದೀಪದ ಚಿತ್ರ, ಅದೂ ಹಳೆ ಫೈಲಿನದ್ದೇ.

ಹಳೆ ವಿದ್ಯಾರ್ಥಿಗಳ ಗ್ರೂಪಿಗೆ ಹಾಕಿದೆವು. ಮುಂಬೈ, ಬೆಂಗಳೂರು, ದುಬೈ ಎಲ್ಲ ಕಡೆ ಹೋಯಿತು. ಕೈ ಮುಗಿದ ಗುರುತುಗಳು ನೂರಾರು ಬಂದವು. ಫೆಬ್ರವರಿ ಕೊನೆಗೆ ಲೆಕ್ಕ ನೋಡಿದರೆ ಆರು ಜನ, 4,300 ರೂಪಾಯಿ.

ಊರಿನವರಿಗೆ ಶಾಲೆಯ ಮೇಲೆ ಪ್ರೀತಿ ಇಲ್ಲ ಅಂತ ನಾವೆಲ್ಲ ತೀರ್ಮಾನಿಸಿ ಆಗಿತ್ತು. ಅಷ್ಟರಲ್ಲಿ ಮುಂಬೈಯಿಂದ ಒಬ್ಬರು ಶೆಟ್ರು ಫೋನು ಮಾಡಿದರು. ಹೋಟೆಲು ನಡೆಸುವವರು, ನಮ್ಮ ಶಾಲೆಯಲ್ಲೇ ಏಳನೆಯವರೆಗೆ ಓದಿದವರು.

"ನಿಮ್ಮ ಮನವಿ ನೋಡಿದೆ. ಐದು ಲಕ್ಷಕ್ಕೆ ಎಂತೆಂತ ಬರುತ್ತದೆ?"

"ಪುಸ್ತಕ, ಕಪಾಟು, ಮೇಜು... ಎಲ್ಲ" ಅಂದೆ.

"ಪುಸ್ತಕ ಎಷ್ಟು?"

ನಾನು ಸುಮ್ಮನಿದ್ದೆ.

"ಈಗ ಎಷ್ಟು ಉಂಟು?"

ಅದಕ್ಕೂ ಉತ್ತರ ಇರಲಿಲ್ಲ. ಅವರು ಜೋರು ಮಾಡಲಿಲ್ಲ. "ನಾನು ಸಾವಿರ ರೂಪಾಯಿ ಹಾಕಲು ನೋಡಿದೆ. ನಂಬರು ಒತ್ತಿದರೆ ಯಾವುದೋ ಪ್ರಿಂಟಿಂಗ್ ಅಂಗಡಿಯ ಹೆಸರು ಬಂತು. ಬಿಟ್ಟೆ" ಅಂದರು.

ನನ್ನ ಅಂಗಡಿಯ ಹೆಸರು! ಗಿರಾಕಿಗಳ ಹಣ ಬರುವ ನಂಬರನ್ನೇ ನಾನು ಮನವಿಯಲ್ಲಿ ಕೊಟ್ಟಿದ್ದೆ. ಎಷ್ಟು ಜನ ಹೀಗೆ ಒತ್ತಿ, ಹೆಸರು ನೋಡಿ, ವಾಪಸು ಹೋದರೋ.

ಆ ರಾತ್ರಿ ಕುಳಿತು ಮನವಿಯನ್ನು ತಿದ್ದಲು ನೋಡಿದೆ. ಸಂಸ್ಕೃತ ಶಬ್ದ ತೆಗೆದೆ, ವಾಕ್ಯ ಸಣ್ಣದು ಮಾಡಿದೆ. ಓದಲು ಸುಲಭವಾಯಿತು, ನಂಬಲು ಆಗಲಿಲ್ಲ. "ಒಳ್ಳೆಯ ಲೈಬ್ರರಿ ಮಾಡುತ್ತೇವೆ, ಐದು ಲಕ್ಷ ಬೇಕು" ಅಂತ ಸರಳ ಕನ್ನಡದಲ್ಲಿ ಬರೆದಾಗ ಅದು ಇನ್ನೂ ಪೊಳ್ಳಾಗಿ ಕಂಡಿತು. ದೊಡ್ಡ ಶಬ್ದಗಳ ಹಿಂದೆ ಅಡಗಿದ್ದದ್ದು ಈಗ ಬರಿಗಣ್ಣಿಗೆ ಕಾಣುತ್ತಿತ್ತು. ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಆಗ ನೆನಪಾದದ್ದು ನಾನೇ ಪ್ರಿಂಟು ಮಾಡಿದ ದೇವಸ್ಥಾನದ ಜೀರ್ಣೋದ್ಧಾರದ ಮನವಿಗಳು. ಮೊದಲ ಪುಟದಲ್ಲಿ ತನು ಮನ ಧನ ಇರುತ್ತದೆ, ನಿಜ. ಆದರೆ ಹಿಂದಿನ ಪುಟ ಬೇರೆಯೇ ಭಾಷೆ. ಗರ್ಭಗುಡಿಯ ಮಾಡಿಗೆ ತಾಮ್ರದ ಹೊದಿಕೆ, ಒಂದು ಚದರಡಿಗೆ ಇಷ್ಟು. ಹಾಸುಗಲ್ಲು ಒಂದಕ್ಕೆ ಇಷ್ಟು. ಒಂದು ಕಂಬಕ್ಕೆ ಇಷ್ಟು. ಓದುವವನು ತನ್ನ ಕಿಸೆ ನೋಡಿಕೊಂಡು ಎರಡು ಚದರಡಿ ಬರೆಸುತ್ತಾನೆ. ಮುಂದಿನ ಸಲ ಊರಿಗೆ ಬಂದಾಗ ಮಾಡು ನೋಡುತ್ತಾನೆ. ಹಣ ಬರುವುದು ಹಿಂದಿನ ಪುಟದಿಂದ. ಇಪ್ಪತ್ತು ವರ್ಷ ಅದನ್ನು ಕಂಪೋಸ್ ಮಾಡಿದವನು ನಾನು, ಶಾಲೆಗೆ ಮಾತ್ರ ಮೊದಲ ಪುಟ ಬರೆದುಕೊಟ್ಟೆ.

ಹಿಂದಿನ ಪುಟ ಬರೆಯಲು ಅಳತೆ ಬೇಕು. ಅಂದರೆ ಲೈಬ್ರರಿಯ ಬೀಗ ತೆಗೆಯಬೇಕು.

ಮಾರ್ಚ್ ತಿಂಗಳ ಎರಡು ಶನಿವಾರ ನಾನೂ ಲೈಬ್ರರಿ ನೋಡಿಕೊಳ್ಳುವ ಟೀಚರೂ ಕೂತೆವು. ಲೈಬ್ರರಿ ಅಂದರೆ ಸ್ಟಾಫ್ ರೂಮಿನ ಪಕ್ಕದ ಕೋಣೆಯಲ್ಲಿ ಎರಡು ಮರದ ಕಪಾಟು. ದಾಖಲೆ ಪುಸ್ತಕದ ಪ್ರಕಾರ 743 ಪುಸ್ತಕ. ಕಪಾಟಿನಲ್ಲಿ ಎಣಿಸಿದರೆ ಸಿಕ್ಕಿದ್ದು 588. ಕೆಳಗಿನ ಹಲಗೆಯದ್ದನ್ನು ಎತ್ತಿದರೆ ಹೊರಗೆ ಪುಸ್ತಕ, ಒಳಗೆ ಮಣ್ಣು. ಒರಲೆ ತಿಂದು ರಟ್ಟು ಮಾತ್ರ ಬಿಟ್ಟಿತ್ತು. ಗೋಡೆಗೆ ತಾಗಿದ್ದವಕ್ಕೆ ಬೂಷ್ಟು. ಅಂಥ 131 ಪುಸ್ತಕ ಬದಿಗಿಟ್ಟೆವು. ಉಳಿದದ್ದು 457.

ಇಷ್ಟಾದರೂ ಉಂಟಲ್ಲ ಅನ್ನಿಸಿತು ನನಗೆ. ಟೀಚರ್ ಅವನ್ನು ಮತ್ತೆ ವಿಂಗಡಿಸಿದರು. ಹಳೆ ಪಾಠಕ್ರಮದ ಗೈಡುಗಳು, ತರಬೇತಿಯ ಕೈಪಿಡಿಗಳು, ಯಾರೋ ಮನೆ ಖಾಲಿ ಮಾಡುವಾಗ ಕೊಟ್ಟ ದೊಡ್ಡವರ ಕಾದಂಬರಿಗಳು, ಮಾಸಪತ್ರಿಕೆಯ ಕಟ್ಟುಗಳು, ಎಲ್ಲ ಸೇರಿ 290. ಮಕ್ಕಳು ಓದಬಹುದಾದದ್ದು 167. ಇದರಲ್ಲೂ ಹೆಚ್ಚಿನವು ಐದರಿಂದ ಏಳನೇ ಕ್ಲಾಸಿನವರಿಗೆ, ಕೆಲವು ಮಲಯಾಳದವು. ಒಂದರಿಂದ ನಾಲ್ಕನೇ ಕ್ಲಾಸಿನ ಮಗು ತಾನೇ ಬಿಡಿಸಿ ಓದಬಹುದಾದ ಕನ್ನಡ ಪುಸ್ತಕ ಎಷ್ಟು ಅಂತ ಕೇಳಿದೆ. ಟೀಚರ್ ಒಂದೊಂದಾಗಿ ಮೇಜಿನ ಮೇಲಿಟ್ಟರು. 38.

ಆ ನಾಲ್ಕು ಕ್ಲಾಸಿನಲ್ಲಿರುವ ಮಕ್ಕಳು 47.

"ಶುಕ್ರವಾರ ಲೈಬ್ರರಿ ಪೀರಿಯಡಿನಲ್ಲಿ ಇಬ್ಬರಿಗೆ ಒಂದು ಪುಸ್ತಕ ಕೊಡುತ್ತೇನೆ" ಅಂದರು ಟೀಚರ್. "ಒಬ್ಬ ಬೇಗ ಓದಿ ಪುಟ ಮಗುಚುತ್ತಾನೆ, ಇನ್ನೊಬ್ಬಳಿಗೆ ಆಗಿರುವುದಿಲ್ಲ. ಎಳೆದಾಡುತ್ತಾರೆ. ಪುಸ್ತಕ ಹರಿಯುವುದು ಹಾಗೆ." ಮನೆಗೆ ಕೊಡುವುದು ಕನಸಿನ ಮಾತು. ಮೇಜಿನ ಮೇಲಿದ್ದ ಒಂದು ಪುಸ್ತಕಕ್ಕೆ ಬೆನ್ನೇ ಇರಲಿಲ್ಲ. ಸೆಲ್ಲೋಟೇಪಿನ ಮೇಲೆ ಸೆಲ್ಲೋಟೇಪು ಅಂಟಿ ಹಳದಿಯಾಗಿತ್ತು. ಆ ವರ್ಷದ ರಿಜಿಸ್ಟರಿನಲ್ಲಿ ಅದರ ಹೆಸರು 31 ಸಲ ಇತ್ತು.

ಸುಸಜ್ಜಿತ ಗ್ರಂಥಾಲಯದ ವಿಷಯ ಅಲ್ಲಿಗೆ ಮುಗಿಯಿತು. ನಮಗೆ ಬೇಕಾದದ್ದು ಸಣ್ಣ ಮಕ್ಕಳಿಗೆ ಪುಸ್ತಕ, ಮತ್ತು ಒರಲೆ ಹತ್ತದ ಕಡೆ ಅದನ್ನು ಇಡುವ ಜಾಗ.

ಎಷ್ಟು ಪುಸ್ತಕ ಅನ್ನುವುದಕ್ಕೂ ಟೀಚರ್ ಒಂದು ಲೆಕ್ಕ ಹೇಳಿದರು. ಪ್ರತಿ ಮಗುವಿನ ಕೈಯಲ್ಲಿ ಒಂದು ಪುಸ್ತಕ ಮನೆಗೆ ಹೋಗಬೇಕು, ವಾಪಸು ತಂದಾಗ ಆರಿಸಲು ಕಪಾಟಿನಲ್ಲಿ ತಲಾ ಮೂರಾದರೂ ಇರಬೇಕು. ಅಂದರೆ ಮಗುವಿಗೆ ನಾಲ್ಕು. 47 ಮಕ್ಕಳಿಗೆ 188. ಇರುವುದು 38. ಬೇಕಾದದ್ದು 150. ಎಷ್ಟು ಸುಲಭದ ಲೆಕ್ಕ, ಅಲ್ವಾ? ಆದರೆ ಈ ಒಂದು ಲೆಕ್ಕ ಬಂದ ಮೇಲೆ "ಯಾಕೆ 150?" ಅಂತ ಯಾರು ಕೇಳಿದರೂ ಅರ್ಧ ನಿಮಿಷದಲ್ಲಿ ಹೇಳಬಹುದಿತ್ತು. ದೊಡ್ಡ ಮಕ್ಕಳಿಗೆ ಇನ್ನು 60 ಸಾಕು ಅಂದರು.

ಎಂಥ ಪುಸ್ತಕ ಅನ್ನುವುದೂ ಮುಖ್ಯ. ನಮ್ಮ ಶಾಲೆಯ ಮಕ್ಕಳಲ್ಲಿ ಮನೆಯಲ್ಲಿ ತುಳು ಮಾತಾಡುವವರಿದ್ದಾರೆ, ಮಲಯಾಳ, ಬ್ಯಾರಿ, ಮರಾಠಿ, ಹವ್ಯಕ ಮಾತಾಡುವವರಿದ್ದಾರೆ. ಪುಸ್ತಕದ ಕನ್ನಡ ಒಂದನೇ ಕ್ಲಾಸಿನಲ್ಲಿ ಹಲವರಿಗೆ ಹೊಸತು. ಪುಟ ತುಂಬ ಅಕ್ಷರ ಇದ್ದರೆ ಮಗು ಚಿತ್ರ ನೋಡಿ ಮುಚ್ಚಿಡುತ್ತದೆ. ಪುಟಕ್ಕೆ ಎರಡು ಸಾಲು, ನಾಲ್ಕು ಸಾಲು, ಹೀಗೆ ಹಂತ ಹಂತವಾಗಿ ಬೇಕು. ಪ್ರಥಮ್ ಬುಕ್ಸ್‌ನ ಪುಸ್ತಕಗಳಲ್ಲಿ ಓದಿನ ಹಂತ 1ರಿಂದ 4ರವರೆಗೆ ಗುರುತು ಹಾಕಿರುತ್ತಾರೆ. ಟೀಚರ್ ಅದನ್ನೇ ಅಳತೆಗೋಲು ಮಾಡಿಕೊಂಡು ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕದ ಪುಸ್ತಕಗಳನ್ನೂ ಸೇರಿಸಿ ಪಟ್ಟಿ ಮಾಡಿದರು. ನಾನು ಮಂಗಳೂರಿಗೆ ಹೋದಾಗ ಅಂಗಡಿಯಲ್ಲಿ ಬೆಲೆ ನೋಡಿಕೊಂಡು ಬಂದೆ. ಸಣ್ಣವಕ್ಕೆ ಸರಾಸರಿ 60 ರೂಪಾಯಿ, ದೊಡ್ಡವಕ್ಕೆ 110. ಒಟ್ಟು 15,600.

ರ್‍ಯಾಕಿನ ವಿಷಯದಲ್ಲಿ ಒಂದು ಎಡವಟ್ಟಾಯಿತು. ತೆರೆದ ಸ್ಟೀಲ್ ರ್‍ಯಾಕು ಎರಡು ಬೇಕಿತ್ತು. ಅಂಗಡಿಯವರು ಫೋನಿನಲ್ಲಿ 5,200 ಅಂದರು, ನಾನು 10,400 ಬರೆದುಕೊಂಡೆ. ಕೊಟೇಶನ್ ಕಾಗದ ಬಂದಾಗ ಕೆಳಗೆ ಸಣ್ಣ ಅಕ್ಷರದಲ್ಲಿ "ಜಿಎಸ್‌ಟಿ ಪ್ರತ್ಯೇಕ". ಸ್ಟೀಲ್ ಪೀಠೋಪಕರಣಕ್ಕೆ 18 ಶೇಕಡಾ. ಒಂದಕ್ಕೆ 6,136, ಎರಡಕ್ಕೆ 12,272. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲದ ಕಾರಣ ನನಗೆ ಇದು ಹೊಳೆದೇ ಇರಲಿಲ್ಲ. ಫೋನಿನ ಮಾತು ನಂಬಿ ಮನವಿ ಕಳಿಸಿದ್ದರೆ ಸುಮಾರು ಎರಡು ಸಾವಿರ ಕಡಿಮೆ ಬೀಳುತ್ತಿತ್ತು. ಆಮೇಲೆ ಮತ್ತೆ ಕೈಯೊಡ್ಡಬೇಕಿತ್ತು.

ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಕೆ ಮತ್ತು ಲೇಬಲಿಗೆ ತಲಾ 8 ರೂಪಾಯಿಯಂತೆ 1,680. ಸಾಗಾಟ 900. ರಸೀದಿ, ಝೆರಾಕ್ಸಿಗೆ 48 ಸೇರಿಸಿದರೆ 30,500. ಐದು ಲಕ್ಷ ಎಲ್ಲಿ, ಇದೆಲ್ಲಿ!

ಹೆಡ್ ಮಾಸ್ತರರಿಗೆ ಸಮಾಧಾನ ಆಗಲಿಲ್ಲ. "ಇಷ್ಟೇ ಕೇಳಿದರೆ ನಮ್ಮ ಶಾಲೆಗೆ ಮರ್ಯಾದೆ ಉಂಟಾ? ಐವತ್ತು ಸಾವಿರ ಆದರೂ ಮಾಡಿ."

"ಆ ಹೆಚ್ಚಿನ ಹತ್ತೊಂಬತ್ತೂವರೆ ಸಾವಿರಕ್ಕೆ ಎಂತ ಬರೆಯಲಿ ಸರ್?"

"ಇತರೆ ಅಂತ ಬರೆಯಿರಿ."

ಆ "ಇತರೆ"ಯ ಮೇಲೆ ನಮ್ಮಲ್ಲಿ ಸ್ವಲ್ಪ ಬಿಸಿ ಮಾತೇ ಆಯಿತು. ಹಿಂದೊಮ್ಮೆ ಊರಿನಲ್ಲಿ ಯಾವುದೋ ಕೆಲಸಕ್ಕೆ ಎತ್ತಿದ ಹಣದ ಲೆಕ್ಕ ಯಾರಿಗೂ ಸಿಕ್ಕಿರಲಿಲ್ಲ. ಇತರೆ ಅಂದ ಕೂಡಲೇ ಜನರಿಗೆ ಅದೇ ನೆನಪಾಗುತ್ತದೆ. ಕೊನೆಗೆ ಅವರು ಒಪ್ಪಿದರು. ಅಷ್ಟೇ ಅಲ್ಲ, ಪಿಟಿಎ ನಿಧಿಯಿಂದ ಮೊದಲು 3,000 ಹಾಕೋಣ ಅಂತ ಅವರೇ ಹೇಳಿದರು. ಆ ಒಂದು ಸಾಲಿನ ಬೆಲೆ ನನಗೆ ಆಗ ಗೊತ್ತಾಗಲಿಲ್ಲ. ಆಮೇಲೆ ಮೂರು ಜನ ಫೋನಿನಲ್ಲಿ ಅದನ್ನೇ ಎತ್ತಿ ಹೇಳಿದರು.

ಮೊದಲ ಮನವಿಗೆ ಬಂದಿದ್ದ 4,300 ಏನು ಮಾಡುವುದು? ಸುಮ್ಮನೆ ಸೇರಿಸಿಬಿಡಬಹುದಿತ್ತು. ಆದರೆ ಆ ಆರು ಜನ ಕೊಟ್ಟದ್ದು ಐದು ಲಕ್ಷದ ಲೈಬ್ರರಿಗೆ. ಒಬ್ಬೊಬ್ಬರಿಗೂ ಫೋನು ಮಾಡಿ, ಯೋಜನೆ ಸಣ್ಣದಾಗಿದೆ, ಹಣ ವಾಪಸು ಬೇಕಾದರೆ ಕೊಡುತ್ತೇವೆ ಅಂದೆ. ಯಾರೂ ಕೇಳಲಿಲ್ಲ. ಹಾಗಾಗಿ ಇನ್ನು ಬೇಕಾದದ್ದು 23,200.

ಈಗ ಬರೆಯಲು ಕುಳಿತೆ. ಇದು ಸುಲಭ ಅಂದುಕೊಂಡಿದ್ದೆ. ಅಂಕೆ ಎಲ್ಲ ಕೈಯಲ್ಲಿದೆ, ಬರೆದರಾಯಿತು ಅಂತ. ಆದರೆ ಹೆಡ್ ಮಾಸ್ತರರು ಅರ್ಧ ಪುಟದ ಪೀಠಿಕೆ ಕೊಟ್ಟರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು, ಮಹಾಜನ ಆಯೋಗ, ಗೋವಿಂದ ಪೈ, ಕಯ್ಯಾರರು, ಎಲ್ಲ ಇತ್ತು. ನನಗೂ ಆ ನೋವು ಇಲ್ಲದ್ದಲ್ಲ. ಆದರೆ ಓದುವವರು ನಮ್ಮೂರವರೇ, ಅವರಿಗೆ ಇದು ಗೊತ್ತು. ಎಪ್ಪತ್ತು ವರ್ಷದ ಸಮಸ್ಯೆಯನ್ನು ಎದುರಿಗಿಟ್ಟು ಕೊನೆಯಲ್ಲಿ ಐನೂರು ರೂಪಾಯಿ ಕೇಳಿದರೆ, ಐನೂರರಿಂದ ಎಂತ ಆದೀತು ಅಂತಲೇ ಅನ್ನಿಸುತ್ತದೆ. ಕೊನೆಗೆ ಗಡಿನಾಡಿನ ಪಾಲಿಗೆ ಒಂದೇ ಸಾಲು ಉಳಿಯಿತು, ಪುಸ್ತಕಕ್ಕೆ ಸಂಬಂಧಪಟ್ಟದ್ದು: ನಮ್ಮ ಪೇಟೆಯಲ್ಲಿ ಮಕ್ಕಳ ಕನ್ನಡ ಕಥೆ ಪುಸ್ತಕ ಸಿಗುವುದಿಲ್ಲ, ಮಂಗಳೂರಿಗೆ ಬಸ್ಸು ಹತ್ತಬೇಕು.

"ಬಡ ಮಕ್ಕಳು" ಹೋದದ್ದು ಬೇರೆ ಕಾರಣಕ್ಕೆ. ಮೊದಲ ಮನವಿ ಪಿಟಿಎ ಗ್ರೂಪಿಗೂ ಹೋಗಿತ್ತು. ಒಬ್ಬರು ಅಮ್ಮ ಅಂಗಡಿಗೆ ಬಂದಾಗ ಕೇಳಿದರು, "ಅಣ್ಣ, ನಮ್ಮ ಮಕ್ಕಳು ಅಷ್ಟು ಪಾಪದವರಾ? ನಾವು ಬೀಡಿ ಕಟ್ಟಿದರೂ ಮಗಳಿಗೆ ಬೇಕಾದ್ದು ತೆಗೆಸಿಕೊಡುತ್ತೇವೆ." ನನ್ನ ಮಗಳೂ ಆ ಬಡ ಮಕ್ಕಳಲ್ಲಿ ಒಬ್ಬಳು ಅನ್ನುವುದು ನನಗೆ ಆವರೆಗೆ ಹೊಳೆದಿರಲಿಲ್ಲ. ಬರಿಗಾಲ ಮಗುವಿನ ಫೋಟೋ ಹಾಕೋಣ ಅಂತ ಒಬ್ಬರು ಹೇಳಿದ್ದನ್ನೂ ಬಿಟ್ಟೆವು. ಸೆಲ್ಲೋಟೇಪಿನ ಪುಸ್ತಕದ ಫೋಟೋ ತೆಗೆದೆ. ಪಕ್ಕದಲ್ಲಿ ರಿಜಿಸ್ಟರಿನ ಪುಟ, ಮಕ್ಕಳ ಹೆಸರಿನ ಭಾಗವನ್ನು ಕಾಗದದಿಂದ ಮುಚ್ಚಿ.

ಐನೂರಕ್ಕೆ ಎಷ್ಟು ಪುಸ್ತಕ ಅನ್ನುವ ಸಾಲಿನಲ್ಲೂ ನಾನು ತಪ್ಪು ಮಾಡಿದೆ. 60ರಿಂದ ಭಾಗಿಸಿ ಎಂಟು ಅಂತ ಬರೆದಿದ್ದೆ. ಟೀಚರ್, "ಹೊದಿಕೆ ಹಾಕದೆ ಮಳೆಗಾಲದಲ್ಲಿ ಕೊಡಲು ಆಗುತ್ತದಾ?" ಅಂದರು. ಹೊದಿಕೆ ಸೇರಿದರೆ ಒಂದಕ್ಕೆ 68. ಏಳು ಪುಸ್ತಕ, ಸ್ವಲ್ಪ ಚಿಲ್ಲರೆ ಸಾಗಾಟಕ್ಕೆ. ಏಳೇ ಇರಲಿ ಅಂತ ಮಾಡಿದೆವು. ದೇವಸ್ಥಾನದ ಹಾಗೆ ಒಂದೊಂದನ್ನೂ ಒಬ್ಬೊಬ್ಬರ ಹೆಸರಿಗೆ ಬರೆಯುವುದೂ ಬೇಡ ಅಂತಾಯಿತು. ಎಲ್ಲರೂ ರ್‍ಯಾಕಿಗೇ ಕೊಟ್ಟು, ಮೇಲೆ ಹೆಸರು ಬರೆಸಿ, ಪುಸ್ತಕಕ್ಕೆ ಹಣ ಇಲ್ಲದೆ ಖಾಲಿ ರ್‍ಯಾಕು ನಿಂತರೆ? ಹಾಗಾಗಿ ಏಳು ಪುಸ್ತಕ ಅನ್ನುವುದು ಅಳತೆಗೆ ಮಾತ್ರ, ಹಣ ಒಂದೇ ಡಬ್ಬಿಗೆ. ಅದನ್ನೂ ಮನವಿಯಲ್ಲೇ ಬರೆದೆವು.

ಹಣದ ದಾರಿಯನ್ನು ಸರಿಮಾಡಲು ಬರೆಯುವುದಕ್ಕಿಂತ ಜಾಸ್ತಿ ದಿನ ಹಿಡಿಯಿತು. ಹೆಡ್ ಮಾಸ್ತರ್ ಮತ್ತು ಪಿಟಿಎ ಅಧ್ಯಕ್ಷರ ಜಂಟಿ ಖಾತೆ ಇತ್ತು, ಅದಕ್ಕೆ ಕ್ಯೂಆರ್ ಮಾಡಿಸಲು ಬ್ಯಾಂಕಿಗೆ ನಾಲ್ಕು ಸಲ ಅಲೆದೆವು. ಲೆಕ್ಕ ಬಲ್ಲ ಸ್ನೇಹಿತರೊಬ್ಬರು ಎರಡು ವಿಷಯ ಹೇಳಿಕೊಟ್ಟರು. ಪಿಟಿಎಗೆ 80ಜಿ ನೋಂದಣಿ ಇಲ್ಲ, ಹಾಗಾಗಿ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡಿ ಅಂದರು. ಎರಡನೆಯದು ಹೊರದೇಶದ ಹಣ. ದುಬೈಯಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದು, ಅವರು ನಮ್ಮೂರಲ್ಲೇ ಹುಟ್ಟಿದ್ದರೂ, ವಿದೇಶಿ ದೇಣಿಗೆ ಆಗುತ್ತದೆ. ಎಫ್‌ಸಿಆರ್‌ಎ ಅನುಮತಿ ಇಲ್ಲದೆ ನಾವು ತೆಗೆದುಕೊಳ್ಳುವಂತಿಲ್ಲ. ಅಮೆರಿಕದಲ್ಲಿರುವ ಹಳೆ ವಿದ್ಯಾರ್ಥಿಯೊಬ್ಬರು ಒಂದೇ ಸಲ ಹತ್ತು ಸಾವಿರ ಕೊಡುತ್ತೇನೆ ಅಂದಿದ್ದರು. ಅವರು ಅಲ್ಲಿನ ಪೌರರು. ಬೇಡ ಅನ್ನುವಾಗ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. ಪಾಪ, ಅವರೂ ಸ್ವಲ್ಪ ಬೇಸರ ಮಾಡಿಕೊಂಡರು.

ಏಪ್ರಿಲ್ 25ಕ್ಕೆ ಕಳಿಸಿದ ಮನವಿ ಇದು. ಶಾಲೆಯ ಹೆಸರು, ಖಾತೆಯ ವಿವರ ಬಿಟ್ಟು ಹಾಗೇ ಕೊಡುತ್ತಿದ್ದೇನೆ.

"ನಮ್ಮ ಶಾಲೆಯಲ್ಲಿ ಒಂದರಿಂದ ನಾಲ್ಕನೇ ಕ್ಲಾಸಿನಲ್ಲಿ 47 ಮಕ್ಕಳಿದ್ದಾರೆ. ಅವರು ಓದಬಹುದಾದ ಕನ್ನಡ ಪುಸ್ತಕ ಲೈಬ್ರರಿಯಲ್ಲಿ 38 ಇವೆ. ಫೋಟೋದಲ್ಲಿರುವ ಪುಸ್ತಕವನ್ನು ಈ ವರ್ಷ 31 ಸಲ ಮಕ್ಕಳು ಓದಲು ತೆಗೆದುಕೊಂಡಿದ್ದಾರೆ. ಇಬ್ಬರಿಗೆ ಒಂದು ಪುಸ್ತಕ ಕೊಡುತ್ತಿದ್ದೇವೆ, ಮನೆಗೆ ಕೊಡಲು ಆಗುತ್ತಿಲ್ಲ. ನಮ್ಮ ಪೇಟೆಯಲ್ಲಿ ಇಂಥ ಪುಸ್ತಕ ಸಿಗುವುದಿಲ್ಲ, ಮಂಗಳೂರಿನಿಂದ ತರಬೇಕು.

ಸಣ್ಣ ಮಕ್ಕಳಿಗೆ 150, ದೊಡ್ಡ ಮಕ್ಕಳಿಗೆ 60 ಪುಸ್ತಕ ಮತ್ತು ಎರಡು ಸ್ಟೀಲ್ ರ್‍ಯಾಕ್ ತರಬೇಕೆಂದಿದ್ದೇವೆ. ಮರದ ಕಪಾಟಿನಲ್ಲಿ 131 ಪುಸ್ತಕ ಒರಲೆ, ಬೂಷ್ಟಿನಿಂದ ಹಾಳಾಗಿವೆ. ಅದು ನಮ್ಮ ಅಲಕ್ಷ್ಯ. ಹೊಸ ರ್‍ಯಾಕನ್ನು ಗೋಡೆಯಿಂದ ಅರ್ಧ ಅಡಿ ದೂರ ಇಡುತ್ತೇವೆ. ತಿಂಗಳಿಗೊಮ್ಮೆ ಪುಸ್ತಕ ಕೆಳಗಿಳಿಸಿ ನೋಡುತ್ತೇವೆ.

ಒಟ್ಟು ಖರ್ಚು 30,500. ಪುಸ್ತಕ 15,600 (ಬೆಲೆ ಅಂದಾಜು), ರ್‍ಯಾಕ್ 12,272 (ಕೊಟೇಶನ್ ಜೊತೆಗಿದೆ), ಹೊದಿಕೆ 1,680, ಸಾಗಾಟ 900, ರಸೀದಿ 48. ಪಿಟಿಎ 3,000 ಹಾಕಿದೆ. ಮೊದಲೇ ಬಂದದ್ದು 4,300. ಇನ್ನು ಬೇಕಾದದ್ದು 23,200.

500 ರೂಪಾಯಿಗೆ ಹೊದಿಕೆ ಸಮೇತ ಸುಮಾರು ಏಳು ಸಣ್ಣ ಪುಸ್ತಕ ಬರುತ್ತವೆ. ಬಂದ ಹಣವೆಲ್ಲ ಒಂದೇ ಲೆಕ್ಕಕ್ಕೆ ಹೋಗುತ್ತದೆ. ಮೇ 20ರೊಳಗೆ ಕಳಿಸಿದರೆ ಜೂನ್ 19ರ ವಾಚನ ದಿನಕ್ಕೆ ಪುಸ್ತಕ ಮಕ್ಕಳ ಕೈಯಲ್ಲಿರುತ್ತದೆ. ಹಣ ಜಾಸ್ತಿ ಬಂದರೆ ದೊಡ್ಡ ಮಕ್ಕಳಿಗೆ ಇನ್ನಷ್ಟು ಪುಸ್ತಕ. ಕಡಿಮೆ ಬಂದರೆ ಒಂದೇ ರ್‍ಯಾಕ್, ಪುಸ್ತಕ ಕಡಿಮೆ ಮಾಡುವುದಿಲ್ಲ.

ಹಣ ಹಾಕುವಾಗ ಪಿಟಿಎಯ ಹೆಸರೇ ಬರಬೇಕು. ಬೇರೆ ಹೆಸರು ಬಂದರೆ ಹಾಕಬೇಡಿ, ಫೋನು ಮಾಡಿ. ತೆರಿಗೆ ವಿನಾಯಿತಿ ಇಲ್ಲ. ವಿದೇಶಿ ಪೌರತ್ವ ಇರುವವರಿಂದ ಹಣ ಪಡೆಯಲು ನಮಗೆ ಅನುಮತಿ ಇಲ್ಲ. ಮನೆಯಲ್ಲಿರುವ ಪುಸ್ತಕ ಕೊಡುವ ಮನಸ್ಸಿದ್ದರೆ ಮೊದಲು ಫೋಟೋ ಕಳಿಸಿ. ಬಿಲ್ಲು, ಪುಸ್ತಕದ ಪಟ್ಟಿ ಜೂನ್ ಕೊನೆಗೆ, ಮಕ್ಕಳು ಎಷ್ಟು ಓದಿದರು ಅನ್ನುವುದು ಆಗಸ್ಟ್ ಕೊನೆಗೆ ಇದೇ ಗ್ರೂಪಿನಲ್ಲಿ."

ಕೊನೆಯ ಕ್ಷಣದಲ್ಲಿ ಹೆಡ್ ಮಾಸ್ತರರಿಗೆ ಎರಡು ಸಾಲಿನ ಮೇಲೆ ಅಳುಕಿತ್ತು. ಒಂದು "ಅದು ನಮ್ಮ ಅಲಕ್ಷ್ಯ". ಇನ್ನೊಂದು ಹಳೆ ಪುಸ್ತಕದ ಸಾಲು, ಕೊಡುವವರಿಗೆ ಅವಮಾನ ಆಗದಾ ಅಂತ. ಆದರೆ ಆ 290 ಬೇಡದ ಪುಸ್ತಕಗಳಲ್ಲಿ ಬಹಳಷ್ಟು ಹಾಗೇ ಪ್ರೀತಿಯಿಂದ ಬಂದು ಕೂತವು. ಎರಡೂ ಸಾಲು ಉಳಿದವು.

ಮೊದಲ ದಿನ ಕೈ ಮುಗಿದ ಗುರುತುಗಳು ಕಡಿಮೆ, ಪ್ರಶ್ನೆಗಳು ಜಾಸ್ತಿ. ಮರದ ರ್‍ಯಾಕ್ ಯಾಕೆ ಬೇಡ? ಫೋನಿನಲ್ಲೇ ಕಥೆ ಓದಬಹುದಲ್ಲ? ನನ್ನ ಭಾವನ ಹತ್ತಿರ ಸಾಗಾಟಕ್ಕೆ ಪಿಕಪ್ ಉಂಟು, ಬೇಕಾ? ನನಗೆ ಖುಷಿಯೇ ಆಯಿತು. ಪ್ರಶ್ನೆ ಕೇಳುವವರು ಪೂರ್ತಿ ಓದಿದ್ದಾರೆ. ಮುಂಬೈಯ ಶೆಟ್ರು ಏನೂ ಕೇಳಲಿಲ್ಲ, ಮೂರು ಸಾವಿರ ಹಾಕಿದರು. ಮೇ 20ರ ಸಂಜೆಗೆ 41 ಜನರಿಂದ 26,900 ಬಂದಿತ್ತು. ಹೆಚ್ಚಿನವರು ಕೊಟ್ಟದ್ದು ಐನೂರು. ಬೀಡಿ ಕಟ್ಟುವ ಆ ಅಮ್ಮ ಅಂಗಡಿಗೆ ಬಂದು ಇನ್ನೂರು ಕೊಟ್ಟು, "ಮೂರು ಪುಸ್ತಕ ಆಗಬಹುದಲ್ಲ" ಅಂದರು. 68 ಮೂರಲ್ಲಿ 204. ನಾನು ರಸೀದಿ ಬರೆದೆ.

ಎಲ್ಲವೂ ಬರೆದ ಹಾಗೆ ನಡೆಯಿತು ಅಂತಲ್ಲ. ಭಾವನ ಪಿಕಪ್ ಆ ದಿನ ಕೆಟ್ಟು ನಿಂತಿತು, ಸಾಗಾಟಕ್ಕೆ 900ರ ಬದಲು 1,400 ಹೋಯಿತು. ಪುಸ್ತಕದಲ್ಲಿ ರಿಯಾಯಿತಿ ಸಿಕ್ಕಿದ್ದರಿಂದ ಅದು ಸರಿಹೋಯಿತು. 210 ಪುಸ್ತಕ 14,350ಕ್ಕೆ ಬಂತು. ಹೆಚ್ಚಿಗೆ ಬಂದ ಹಣದಲ್ಲಿ ದೊಡ್ಡ ಮಕ್ಕಳಿಗೆ ಇನ್ನೂ 31 ಪುಸ್ತಕ, 3,410. ಹೊದಿಕೆ 1,928. ರಸೀದಿ, ಝೆರಾಕ್ಸಿಗೆ 48 ಸಾಲಲಿಲ್ಲ, 130 ಆಯಿತು. ರ್‍ಯಾಕ್ ಕೊಟೇಶನ್ನಿನಲ್ಲಿದ್ದಷ್ಟೇ. ಜೂನ್ ಕೊನೆಗೆ ಬಿಲ್ಲುಗಳ ಫೋಟೋ ಹಾಕಿದೆವು. ಬಂದದ್ದು 34,200, ಖರ್ಚು 33,490, ಉಳಿದದ್ದು 710.

ಆಗಸ್ಟಿನ ವರದಿ ಬರೆಯುವಾಗ ಕೈ ಸ್ವಲ್ಪ ತಡೆಯಿತು. ಜುಲೈಯ ಮಳೆ ನಮ್ಮ ಕಡೆ ಗೊತ್ತಲ್ಲ. ತೋಟದ ದಾರಿಯಲ್ಲಿ ನಡೆದು ಬರುವ ಮಕ್ಕಳ ಚೀಲ ಒದ್ದೆಯಾಗಿ ಒಂಬತ್ತು ಪುಸ್ತಕ ಉಬ್ಬಿಹೋದವು. ಹೊದಿಕೆ ಮೇಲಿನ ರಟ್ಟನ್ನು ಕಾಪಾಡಿತು, ಒಳಗಿನ ಪುಟವನ್ನಲ್ಲ. ಟೀಚರ್ ಮೂರು ವಾರ ಮನೆಗೆ ಕೊಡುವುದನ್ನೇ ನಿಲ್ಲಿಸಿದ್ದರು. ಪ್ರತಿ ಮಗುವಿನ ಕೈಯಲ್ಲಿ ಪುಸ್ತಕ ಅಂತ ನಾವು ಹೇಳಿಯಾಗಿತ್ತು. "ಅದನ್ನು ಬರೆಯಬೇಕಾ?" ಅಂತ ಹೆಡ್ ಮಾಸ್ತರರು ಕೇಳಿದರು. ಬರೆದೆವು. ಒಂಬತ್ತು ಒದ್ದೆ, ಎರಡು ಕಾಣೆ, ಮೂರು ವಾರ ವಿತರಣೆ ಇಲ್ಲ, ಉಳಿದ ವಾರಗಳಲ್ಲಿ ಮನೆಗೆ ಹೋದದ್ದು ಒಟ್ಟು 236 ಸಲ.

ಶೆಟ್ರ ಫೋನು ಬಂತು. "ಆ 710 ಎಂತ ಮಾಡಿದಿರಿ?"

"ಖಾತೆಯಲ್ಲೇ ಉಂಟು."

"ಹಾಗಾದರೆ ಜಿಪ್ಪಿನ ಪ್ಲಾಸ್ಟಿಕ್ ಕವರು ತನ್ನಿ. ಪಾರ್ಸೆಲಿಗೆ ನಾವು ತರಿಸುತ್ತೇವೆ, ದೊಡ್ಡದು ಸಿಗುತ್ತದೆ."

ಮಂಗಳೂರಿನ ಸ್ಟೇಷನರಿ ಅಂಗಡಿಯಲ್ಲಿ ಒಂದಕ್ಕೆ 15 ರೂಪಾಯಿಯಂತೆ ಸಿಕ್ಕಿತು. 47 ತಂದೆವು, 705 ಆಯಿತು. ಪ್ರತಿ ಕವರಿನ ಮೇಲೆ ನನ್ನ ಅಂಗಡಿಯಲ್ಲೇ ಮಾಡಿದ ಸ್ಟಿಕ್ಕರು, ಮಗುವಿನ ಹೆಸರು, ಕ್ಲಾಸು. ಬಾಕಿ ಐದು ರೂಪಾಯಿಯನ್ನು ಸೆಪ್ಟೆಂಬರಿನ ಲೆಕ್ಕದಲ್ಲಿ ತೋರಿಸಿದ್ದೇವೆ.